ಕೈಯ ಎಕ್ಸ್-ರೇ ಮತ್ತು ಹುಡುಗನ ವಯಸ್ಸು

“ಡಾಕ್ಟ್ರೇ, ಕೈಯ ಎಕ್ಸ್-ರೇ ತೆಗೆದರೆ ವಯಸ್ಸು ಗೊತ್ತಾಗುತ್ತದಂತೆ. ಇವನು ಅಂಡರ್-14 ಹೌದೋ ಅಲ್ಲವೋ ಹೇಳಿಬಿಡಿ.”

ಕೊಡಗಿನಲ್ಲಿ ಹಾಕಿ ಆಯ್ಕೆಯ ಕಾಲ ಬಂದಾಗಲೆಲ್ಲ ಈ ಮಾತು ನನ್ನ ಎಕ್ಸ್-ರೇ ಕೋಣೆಯ ಬಾಗಿಲಿಗೆ ಬರುತ್ತದೆ. ಎಕ್ಸ್-ರೇ ಹೇಳುವುದು ಮೂಳೆಯ ವಯಸ್ಸನ್ನು. ಅದು ಹುಟ್ಟಿದ ದಿನಾಂಕದಿಂದ ಎಣಿಸಿದ ವಯಸ್ಸಿಗಿಂತ ಒಂದೆರಡು ವರ್ಷ ಹಿಂದೆಮುಂದೆ ಇದ್ದರೂ ಮಗು ಪೂರ್ಣ ಆರೋಗ್ಯವಾಗಿರಬಹುದು. ಈ ಅಂತರ ಏಕೆ ಬರುತ್ತದೆ ಎಂಬುದನ್ನು ಹಿಂದೊಮ್ಮೆ ನಾನು ನೋಡಿದ ಹುಡುಗನ ಉದಾಹರಣೆಯಿಂದಲೇ ವಿವರಿಸುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ದಾಖಲೆಯ ಪ್ರಕಾರ ಅವನಿಗೆ 13 ವರ್ಷ 6 ತಿಂಗಳು. ಆದರೆ ಮೀಸೆ ಚಿಗುರಿತ್ತು, ಧ್ವನಿ ಒಡೆದಿತ್ತು, ಜೊತೆಯ ಹುಡುಗರಿಗಿಂತ ಒಂದು ಗೇಣು ಎತ್ತರವಿದ್ದ. ರೂಢಿಯಂತೆ ಎಡಗೈಯ ಎಕ್ಸ್-ರೇ ತೆಗೆದೆವು. ಹೆಚ್ಚಿನವರಿಗೆ ಕೆಲಸದ ಕೈ ಬಲಗೈಯಾದ್ದರಿಂದ ಎಡಗೈಗೆ ಪೆಟ್ಟು ಬಿದ್ದಿರುವ ಸಂಭವ ಕಡಿಮೆ. ಹೋಲಿಸಿ ನೋಡುವ ಮಾದರಿ ಚಿತ್ರಗಳೂ ಎಡಗೈಯವೇ.

ಹುಟ್ಟುವಾಗ ಮಗುವಿನ ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಸಾಮಾನ್ಯವಾಗಿ ಬರೀ ಮೃದ್ವಸ್ಥಿಯಾಗಿರುತ್ತವೆ, ಮೃದ್ವಸ್ಥಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಅದರ ನಡುವೆ ಸುಣ್ಣ ಕಟ್ಟಿ ಮೂಳೆಯಾಗಲು ತೊಡಗುವ ಚುಕ್ಕೆಯೇ ಅಸ್ಥೀಕರಣ ಕೇಂದ್ರ. ಮೊದಲ ಎರಡು ಚುಕ್ಕೆಗಳು ಹುಟ್ಟಿದ ಕೆಲವೇ ತಿಂಗಳಲ್ಲಿ ಮೂಡುತ್ತವೆ. ಮುಂಗೈಯ ದಪ್ಪ ಮೂಳೆಯಾದ ರೇಡಿಯಸ್‌ನ ತುದಿಯದು ಸುಮಾರು ಒಂದು ವರ್ಷಕ್ಕೆ, ಪಕ್ಕದ ಅಲ್ನಾದ್ದು ಆರೇಳು ವರ್ಷಕ್ಕೆ. ಹೀಗಾಗಿ ಚಿಕ್ಕ ಮಕ್ಕಳಲ್ಲಿ ಯಾವ ಚುಕ್ಕೆ ಮೂಡಿದೆ ಎಂದು ನೋಡಿದರೆ ಬಹುಪಾಲು ಕೆಲಸವಾಗುತ್ತದೆ.

ಹರೆಯ ಸಮೀಪಿಸಿದ ಮೇಲೆ ನೋಡಬೇಕಾದದ್ದು ಬೇರೆ. ಉದ್ದ ಮೂಳೆಯ ತುದಿಗೂ ಕಾಂಡಕ್ಕೂ ನಡುವೆ ಮೃದ್ವಸ್ಥಿಯ ಒಂದು ತೆಳು ತಟ್ಟೆ ಉಳಿದಿರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಯೇ. ತುದಿಯ ಕಡೆಗಿರುವ ಜೀವಕೋಶಗಳು ಒಡೆದು ಹೆಚ್ಚಾಗುತ್ತಾ ನಾಣ್ಯಗಳನ್ನು ಪೇರಿಸಿಟ್ಟಂತೆ ಸಾಲುಗಟ್ಟುತ್ತವೆ. ಕಾಂಡದ ಕಡೆಗೆ ಬಂದವು ಉಬ್ಬಿ, ಸುತ್ತ ಸುಣ್ಣ ಕಟ್ಟಿಸಿಕೊಂಡು, ಕೊನೆಗೆ ಸಾಯುತ್ತವೆ, ಆ ಜಾಗಕ್ಕೆ ರಕ್ತನಾಳಗಳು ನುಗ್ಗಿ ಹೊಸ ಮೂಳೆ ಕಟ್ಟುತ್ತದೆ. ಎಕ್ಸ್-ರೇಯಲ್ಲಿ ಈ ತಟ್ಟೆ ಒಂದು ಕಪ್ಪು ಗೆರೆ. ಹರೆಯದಲ್ಲಿ ಈಸ್ಟ್ರೋಜೆನ್ ಹೆಚ್ಚಾದಂತೆ, ಗಂಡುಮಕ್ಕಳಲ್ಲಿಯೂ ಅದೇ ಹಾರ್ಮೋನಿನಿಂದ, ತಟ್ಟೆಯ ಕೋಶಗಳ ಶಕ್ತಿ ಮುಗಿದು ಗೆರೆ ಮುಚ್ಚಿಹೋಗುತ್ತದೆ. ಕೈಯಲ್ಲಿ ಮೊದಲು ಮುಚ್ಚುವುದು ಬೆರಳ ತುದಿಯ ಗಿಣ್ಣುಗಳಲ್ಲಿ, ಕೊನೆಗೆ ಮಣಿಕಟ್ಟಿನ ಬಳಿ ರೇಡಿಯಸ್ ಮತ್ತು ಅಲ್ನಾಗಳಲ್ಲಿ.

ನಮ್ಮ ಹುಡುಗನಲ್ಲಿ ಬೆರಳ ತುದಿಯ ಗೆರೆಗಳು ಮುಚ್ಚತೊಡಗಿದ್ದವು, ಉಳಿದವು ತೆರೆದಿದ್ದವು, ಹೆಬ್ಬೆರಳ ಬುಡದಲ್ಲಿ ಹರೆಯದ ಹೊತ್ತಿಗೆ ಮೂಡುವ ಎಳ್ಳಿನಷ್ಟು ಮೂಳೆ ಸ್ಪಷ್ಟವಾಗಿತ್ತು. ಗ್ರೂಲಿಕ್ ಮತ್ತು ಪೈಲ್ ಅವರ ಮಾದರಿ ಚಿತ್ರಗಳೊಡನೆ ಹೋಲಿಸಿದಾಗ ಅದು 15 ವರ್ಷದ ಹುಡುಗನ ಕೈಗೆ ಹತ್ತಿರವಾಗಿತ್ತು. ಆದರೆ ಆ ಚಿತ್ರಗಳು 1930ರ ದಶಕದ ಸುಮಾರಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬೆಳೆದ ಅನುಕೂಲಸ್ಥ ಮಕ್ಕಳವು. ಮತ್ತು ಅವರಲ್ಲಿಯೇ ಈ ವಯಸ್ಸಿನಲ್ಲಿ ಸಹಜ ವ್ಯತ್ಯಾಸದ ಹರವು ಎರಡೂ ಕಡೆಗೆ ಸುಮಾರು ಎರಡು ವರ್ಷ. ಎಂದರೆ ಈ ಕೈ 13ರ ಹುಡುಗನದೂ ಆಗಿರಬಹುದು, 17ರವನದೂ ಆಗಿರಬಹುದು. ಹೂಮಳೆ ಒಂದೇ ದಿನ ಬಿದ್ದರೂ ಎರಡು ತೋಟಗಳ ಕಾಫಿ ಒಂದೇ ದಿನ ಹಣ್ಣಾಗುವುದಿಲ್ಲ ಎಂದರೆ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಪ್ರೀಂ ಕೋರ್ಟ್ ಕೂಡ 1982ರಲ್ಲಿ, ಜಯಮಾಲಾ ಪ್ರಕರಣದಲ್ಲಿ, ಎಕ್ಸ್-ರೇ ವಯಸ್ಸಿಗೆ ಎರಡೂ ಕಡೆ ಎರಡು ವರ್ಷದ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿಯೂ ಶಾಲೆಯ ದಾಖಲೆ, ಜನನ ಪ್ರಮಾಣಪತ್ರಗಳು ಇಲ್ಲದಿದ್ದಾಗ ಮಾತ್ರ ಈ ಪರೀಕ್ಷೆಯ ಸರದಿ.

ಹುಡುಗನ ಮಟ್ಟಿಗೆ ಇನ್ನೊಂದು ಸುಳಿವು ಸಿಕ್ಕಿತು. ಚಿಕ್ಕವನಿದ್ದಾಗ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದ; ಹಳೆಯ ಫಿಲ್ಮ್ ಇದೆಯೇ ಎಂದು ಕೇಳಿದಾಗ ತಂದೆ ಅಟ್ಟದಿಂದ ಹುಡುಕಿ ತಂದರು. ಅದು ಈ ಎಕ್ಸ್-ರೇಗಿಂತ 7 ವರ್ಷ 4 ತಿಂಗಳ ಹಿಂದಿನದು. ಅದರಲ್ಲಿ ಅಲ್ನಾದ ತುದಿಯ ಚುಕ್ಕೆ ಇನ್ನೂ ಮೂಡಿರಲಿಲ್ಲ, ಒಟ್ಟಾರೆ ಸುಮಾರು ಆರು ವರ್ಷದ ಮಣಿಕಟ್ಟು. ಎಂದರೆ ಕ್ಯಾಲೆಂಡರ್ ಏಳು ವರ್ಷ ಚಿಲ್ಲರೆ ನಡೆದಾಗ ಮೂಳೆ ಒಂಬತ್ತು ವರ್ಷ ನಡೆದಿದೆ. ಈ ಲೆಕ್ಕಕ್ಕೆ ಜನನ ದಾಖಲೆ ಬೇಕಾಗುವುದೇ ಇಲ್ಲ, ಎರಡು ಫಿಲ್ಮ್‌ಗಳ ದಿನಾಂಕ ಸಾಕು. ದಾಖಲೆಯಲ್ಲಿ ಒಂದೂವರೆ ವರ್ಷ ಇಳಿಸಿದ್ದರೆ ಹಳೆಯ ಫಿಲ್ಮ್‌ನಲ್ಲಿಯೂ ಮೂಳೆ ಅಷ್ಟೇ ಮುಂದೆ ಕಾಣುವ ಸಂಭವ ಹೆಚ್ಚಿತ್ತು. ಹರೆಯ ಬೇಗ ಬಂದ ಹುಡುಗ ಎಂಬ ಊಹೆಗೆ ಇದು ಹೊಂದುತ್ತದೆ, ಆದರೆ ಇದೂ ಪುರಾವೆಯಲ್ಲ, ಸುಳಿವು ಮಾತ್ರ.

ನಾನು ವರದಿಯಲ್ಲಿ ಬರೆದದ್ದು ಇಷ್ಟು: ಮೂಳೆಯ ವಯಸ್ಸು ಸುಮಾರು 15, ದಾಖಲೆಯ ವಯಸ್ಸಿನೊಡನೆ ಇದು ವಿರೋಧವಾಗುವುದಿಲ್ಲ. “ಹೌದೋ ಅಲ್ಲವೋ” ಎಂದು ಕೇಳಿದವರಿಗೆ ಅದು ರುಚಿಸಲಿಲ್ಲ. ತಂದೆಗೆ ಮಾತ್ರ ಇನ್ನೊಂದು ಮಾತು ಹೇಳಿದೆ: ತಟ್ಟೆಗಳು ಬೇಗ ಮುಚ್ಚುವುದರಿಂದ ಇವನ ಎತ್ತರ ಬೇಗ ನಿಲ್ಲುತ್ತದೆ, ಇಂದು ಇವನ ಭುಜದವರೆಗೆ ಬರುವ ಹುಡುಗರಲ್ಲಿ ಕೆಲವರು ಇನ್ನು ಮೂರು ವರ್ಷದಲ್ಲಿ ಇವನನ್ನು ದಾಟಬಹುದು.