ಮಲ್ಪೆಯ ಸೋಲಾರ್ ಸ್ಟ್ಯಾಂಡ್, ಎರಡನೆಯ ಸುತ್ತು: 275 ಎಂದು ಕೊಂಡ ಪೈಪಿನಲ್ಲಿ ಸಿಕ್ಕಿದ ಸತು

ಅಂಗಳದಲ್ಲಿಟ್ಟ ಗಾಜಿನ ಲೋಟದಲ್ಲಿ ಆಮ್ಲದ ಗುಳ್ಳೆಗಳ ರಭಸ ಇಳಿದ ಮೇಲೆ, ಕಬ್ಬಿಣದ ತುಂಡನ್ನು ತೊಳೆದು, ಒರೆಸಿ, ಒಣಗಿಸಿ ಮತ್ತೆ ತೂಗಿದಾಗ ತಕ್ಕಡಿ 31.37 ಗ್ರಾಂ ತೋರಿಸಿತು. ಆಮ್ಲಕ್ಕೆ ಹಾಕುವ ಮೊದಲು ಅದೇ ತುಂಡು 31.62 ಗ್ರಾಂ ಇತ್ತು. ಪೈಪಿನ ಮೇಲೆ ನಿಜಕ್ಕೂ ಎಷ್ಟು ಸತು ಇತ್ತು ಎಂದು ಎರಡು ವರ್ಷಗಳಿಂದ ನನ್ನನ್ನು ಕಾಡಿದ ಪ್ರಶ್ನೆಗೆ ಈ ಕಾಲು ಗ್ರಾಂ ವ್ಯತ್ಯಾಸದಲ್ಲಿ ಉತ್ತರ ಸಿಕ್ಕಿತು.

ಹಿಂದಿನ ಬರಹ ಓದಿದವರಿಗೆ ಹಿನ್ನೆಲೆ ಗೊತ್ತಿದೆ. ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಸತು ಲೇಪಿಸಿದ ಜಿ.ಪಿ. ಪೈಪಿನಿಂದ ನಾನೇ ಮಾಡಿದ ಸೋಲಾರ್ ಸ್ಟ್ಯಾಂಡ್ ಆರು ವರ್ಷಗಳಿಂದ ನಿಂತಿದೆ; ವೆಲ್ಡ್ ಮಾಡಿದ ಕಡೆ ಒಂದಿಷ್ಟು ಕಂದು ಬಣ್ಣ ಬಿಟ್ಟರೆ ಬೇರೆ ತೊಂದರೆಯಿಲ್ಲ. ಅದೇ ಅಳತೆ, ಅದೇ ಅಂಗಡಿ, ಅದೇ 50×50×2 ಮಿ.ಮೀ. ಪೈಪು ಬಳಸಿ ಮಲ್ಪೆಯಲ್ಲಿರುವ ಅಕ್ಕನ ಮನೆಗೆ ಮಾಡಿಕೊಟ್ಟ ಸ್ಟ್ಯಾಂಡು ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಪು ತುಕ್ಕು ಹಿಡಿಯಿತು. ಅವರ ಮನೆಯಿಂದ ಕಡಲು ಸುಮಾರು 300 ಮೀಟರ್. ಉಪ್ಪುಗಾಳಿಯೇ ಕಾರಣ ಎಂದು ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಆದರೆ ಉಪ್ಪುಗಾಳಿ ಎಷ್ಟು ತಿಂದಿತು, ತಿನ್ನಲು ಅಲ್ಲಿ ಎಷ್ಟು ಸತು ಇತ್ತು ಎಂಬ ಲೆಕ್ಕವಿಲ್ಲದೆ ಹೊಸದನ್ನು ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಪೈಪಿನ ಬಿಲ್ಲಿನಲ್ಲಿ 275 ಜಿಎಸ್‌ಎಂ ಎಂದು, ಅಂದರೆ ಚದರ ಮೀಟರಿಗೆ 275 ಗ್ರಾಂ ಸತು ಎಂದು, ಬರೆದಿತ್ತು. ಮೈಸೂರಿನ ಸ್ಟ್ಯಾಂಡಿಗೆ ತಂದು ಉಳಿದು, ಮನೆಯೊಳಗೆ ಒಣಗಿಯೇ ಇದ್ದ ಅದೇ ಲಾಟಿನ ಪೈಪಿನ ಚಪ್ಪಟೆ ಮುಖದಿಂದ 40×50 ಮಿ.ಮೀ. ತುಂಡು ಕತ್ತರಿಸಿದೆ. ಅದರ ಒಂದು ಮುಖದ ವಿಸ್ತೀರ್ಣ 0.002 ಚದರ ಮೀಟರ್. ಕರಗಿದ ಸತು 0.25 ಗ್ರಾಂ, ಅಂದರೆ ಚದರ ಮೀಟರಿಗೆ 125 ಗ್ರಾಂ. 275 ಇದ್ದಿದ್ದರೆ ಈ ತುಂಡಿನಿಂದ 0.55 ಗ್ರಾಂ ಕರಗಬೇಕಿತ್ತು. ಹಾರ್ಡ್‌ವೇರ್ ಅಂಗಡಿಯ ಆಮ್ಲವು ಸತು ಮುಗಿದ ಕೂಡಲೇ ಕಬ್ಬಿಣವನ್ನೂ ಸ್ವಲ್ಪ ತಿನ್ನುತ್ತದೆಯಾದ್ದರಿಂದ ನನ್ನ ಅಳತೆ ನಿಜಕ್ಕಿಂತ ಹೆಚ್ಚಾಗಿರಬಹುದೇ ಹೊರತು ತೀರ ಕಡಿಮೆಯಾಗಿರಲಾರದು. ಹಾಗಾಗಿ ತಪ್ಪು ಎಷ್ಟೇ ಇದ್ದರೂ ಅದು ಅಂಗಡಿಯವರ ಪರವಾಗಿಯೇ ಇದೆ. ನನಗೆ ಮಾರಿದ್ದು 120ರ ದರ್ಜೆಯ ಮಾಲು ಎಂಬುದರಲ್ಲಿ ನನಗೀಗ ಅನುಮಾನವಿಲ್ಲ. ಬಿಲ್ಲು ಹಿಡಿದು ಕೇಳಿದಾಗ, ಕಂಪನಿಯಿಂದ ಹೇಗೆ ಬಂದಿತೋ ಹಾಗೆ ಕೊಟ್ಟಿದ್ದೇವೆ ಎಂಬುದಷ್ಟೇ ಉತ್ತರ. ಇದನ್ನು ಮನೆಯಲ್ಲಿ ಮಾಡುವವರು ಬಯಲಿನಲ್ಲೇ ಮಾಡಬೇಕು, ಕನ್ನಡಕ ಮತ್ತು ಕೈಗವಸು ಬೇಕೇ ಬೇಕು; ಏಳುವ ಗುಳ್ಳೆಗಳು ಹೈಡ್ರೋಜನ್, ಹತ್ತಿರದಲ್ಲಿ ಬೆಂಕಿ ಇರಕೂಡದು.

ಆದರೆ ಅಂಗಡಿಯವರ ಮಾತಿಗಿಂತ ದೊಡ್ಡ ಗೊಂದಲ ಈ ಜಿಎಸ್‌ಎಂ ಎಂಬ ಪದದಲ್ಲೇ ಇದೆ, ಮತ್ತು ನಾನು ಎಡವಿದ್ದು ಅಲ್ಲಿ. ಹಾಳೆಗೆ ಮೊದಲೇ ಸತು ಲೇಪಿಸಿ ಆಮೇಲೆ ಪೈಪು ಮಾಡುವ ಮಾಲಿನಲ್ಲಿ ಆ ಸಂಖ್ಯೆ ಎರಡೂ ಮುಖಗಳ ಒಟ್ಟು ಸತುವಿನದು. ಹಾಗಾಗಿ ನನ್ನ 125ರಲ್ಲಿ ಹೊರಮುಖಕ್ಕೆ ಬಂದದ್ದು 62.5 ಮಾತ್ರ. ಒಂದು ಮೈಕ್ರಾನ್ ದಪ್ಪದ ಸತು ಚದರ ಮೀಟರಿಗೆ ಸುಮಾರು 7.14 ಗ್ರಾಂ ತೂಗುತ್ತದೆ, ಭಾಗಿಸಿದರೆ 8.75 ಮೈಕ್ರಾನ್. ನಿಜವಾದ 275 ಸಿಕ್ಕಿದ್ದರೂ ಪ್ರತಿ ಮುಖಕ್ಕೆ 20 ಮೈಕ್ರಾನ್ ದಾಟುತ್ತಿರಲಿಲ್ಲ. ಇದಕ್ಕೆ ಎದುರಾಗಿ, ಕತ್ತರಿಸಿ, ತೂತು ಕೊರೆದು, ವೆಲ್ಡ್ ಮಾಡಿ ಮುಗಿಸಿದ ಸಾಮಾನನ್ನು ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸುವ ಹಾಟ್ ಡಿಪ್ ಕೆಲಸಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 4759ರಲ್ಲಿ 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಹೇಳಿರುವ 610 ಗ್ರಾಂ ಒಂದು ಮುಖದ ಲೆಕ್ಕ, ಅಂದರೆ 85 ಮೈಕ್ರಾನ್. ಎರಡು ಕಡೆಯೂ ಘಟಕ ಒಂದೇ, ಅರ್ಥ ಮಾತ್ರ ಬೇರೆ. 275 ಮತ್ತು 610ನ್ನು ಅಕ್ಕಪಕ್ಕ ಇಟ್ಟು ಅರ್ಧದಷ್ಟಾದರೂ ಸಿಗುತ್ತದಲ್ಲ ಎಂದು ನಾನು ಅಂದುಕೊಂಡಿದ್ದೆ; ಸಿಗುವುದು ಕಾಲು ಭಾಗಕ್ಕಿಂತಲೂ ಕಡಿಮೆ.

ಇನ್ನು ಗಾಳಿಯ ಲೆಕ್ಕ. ಐಎಸ್‌ಒ 9223 ವಾತಾವರಣವನ್ನು ಅದು ಲೋಹವನ್ನು ತಿನ್ನುವ ವೇಗಕ್ಕೆ ತಕ್ಕಂತೆ ಸಿ1ರಿಂದ ಸಿ5 ಮತ್ತು ಅದರಾಚೆಗೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಸಿ2ರಲ್ಲಿ ವರ್ಷಕ್ಕೆ ಕರಗುವ ಸತು 0.1ರಿಂದ 0.7 ಮೈಕ್ರಾನ್, ಸಿ3ರಲ್ಲಿ 2.1ರವರೆಗೆ, ಸಿ5ರಲ್ಲಿ 4.2ರಿಂದ 8.4. ಕಾರ್ಖಾನೆಗಳಿಂದ ದೂರವಿರುವ ನಮ್ಮ ಬಡಾವಣೆಯನ್ನು ಸಿ2 ಎಂದು ಹಿಡಿದರೆ 8.75 ಮೈಕ್ರಾನ್ ಹನ್ನೆರಡು ವರ್ಷಕ್ಕೂ ಹೆಚ್ಚು ಬರುತ್ತದೆ, ಆರು ವರ್ಷಕ್ಕೆ ಚೆನ್ನಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಮಲ್ಪೆಯ ಆ ಮನೆಯನ್ನು ಸಿ5 ಎಂದುಕೊಂಡರೆ ಅದೇ ಲೇಪ ಒಂದರಿಂದ ಎರಡು ವರ್ಷ. ಭಾವನವರು ಮೊದಲ ಕೆಂಪು ಕಲೆಯ ಚಿತ್ರ ಕಳುಹಿಸಿದ್ದು ಇಪ್ಪತ್ತನೆಯ ತಿಂಗಳಲ್ಲಿ.

ತುಕ್ಕು ಎಲ್ಲಿಂದ ಶುರುವಾಯಿತು ಎಂಬುದನ್ನು ಬಿಚ್ಚುವಾಗ ಗಮನವಿಟ್ಟು ನೋಡಿದೆ. ಮಳೆ ನೇರವಾಗಿ ಬಡಿಯುವ ಹೊರಗಿನ ಕಾಲುಗಳ ಮುಖ ಬಹುಮಟ್ಟಿಗೆ ಬೂದು ಬಣ್ಣದಲ್ಲೇ ಇತ್ತು. ಪ್ಯಾನೆಲ್‌ಗಳ ಅಡಿಯಲ್ಲಿ ಮರೆಯಾಗಿರುವ ಅಡ್ಡಪಟ್ಟಿಗಳೇ ಮೊದಲು ಹಾಳಾಗಿದ್ದವು. ಕರಾವಳಿಯ ಜೋರು ಮಳೆ ಉಪ್ಪನ್ನು ತೊಳೆಯುತ್ತದೆ, ಆದರೆ ಪ್ಯಾನೆಲ್ಲಿನ ಅಡಿಗೆ ಮಳೆ ತಲುಪುವುದಿಲ್ಲ, ಗಾಳಿಯಲ್ಲಿನ ಉಪ್ಪು ಮಾತ್ರ ತಲುಪುತ್ತದೆ. ಗಾಳಿಯ ತೇವ ಶೇಕಡ 75 ದಾಟಿದರೆ ಅಡುಗೆಯ ಉಪ್ಪು ತಾನೇ ನೀರು ಹೀರಿ ಕರಗುತ್ತದೆ, ಕಡಲುಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಅಷ್ಟೂ ಬೇಡ. ಹೀಗೆ ಅಡ್ಡಪಟ್ಟಿಯ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ರಾತ್ರಿಯೆಲ್ಲ ನಿಂತಿರುತ್ತದೆ, ಅಲ್ಲಿಗೆ ಬಿಸಿಲೂ ಬೀಳುವುದಿಲ್ಲ. ಎರಡನೆಯ ಜಾಗ ಪೈಪಿನ ಒಳಗಿನ ಉದ್ದ ಬೆಸುಗೆ: ಪೈಪು ಮಾಡುವಾಗ ಅಲ್ಲಿ ಸತು ಸುಟ್ಟುಹೋಗುತ್ತದೆ, ಹೊರಗಡೆ ಮತ್ತೆ ಸತು ಸಿಂಪಡಿಸುತ್ತಾರೆ, ಒಳಗಡೆ ಬರಿಗಬ್ಬಿಣವೇ ಉಳಿಯುತ್ತದೆ. ಮೂರನೆಯದು ನಾನು ಅಲ್ಲೇ ನಿಂತು ಕೊರೆದ ತೂತುಗಳು ಮತ್ತು ವೆಲ್ಡುಗಳು. ಅವುಗಳ ಮೇಲೆ ಬಳಿದಿದ್ದ ಸಿಲ್ವರ್ ಪೇಂಟಿನಲ್ಲಿ ಇರುವುದು ಅಲ್ಯೂಮಿನಿಯಂ ಪುಡಿ, ಸತುವಿನಂತೆ ತಾನು ಕರಗಿ ಕಬ್ಬಿಣವನ್ನು ಕಾಯುವ ಗುಣ ಅದಕ್ಕಿಲ್ಲ.

ಹಾಗಾದರೆ ಪೂರ್ತಿ ಅಲ್ಯೂಮಿನಿಯಂ ಏಕಾಗಬಾರದು ಎಂದು ಅಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆ. 6063 ಮಿಶ್ರಲೋಹದ ಪಟ್ಟಿ ಉಪ್ಪುಗಾಳಿಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಆದರೆ ಆ ಗುಳಿಗಳು ಆಳವಾಗುವ ವೇಗ ಕಾಲಕ್ರಮೇಣ ತಗ್ಗುತ್ತದೆ, ಕಬ್ಬಿಣದಂತೆ ಪದರ ಪದರವಾಗಿ ಉದುರುವುದಿಲ್ಲ. ಅಡ್ಡಿಯಿರುವುದು ಬೇರೆ ಕಡೆ. ಅಲ್ಯೂಮಿನಿಯಂನ ಬಿಗುವು ಉಕ್ಕಿನ ಮೂರನೆಯ ಒಂದರಷ್ಟೇ ಇರುವುದರಿಂದ ಅದೇ ಆಕಾರದ ಕಾಲು ಅದೇ ಗಾಳಿಗೆ ಮೂರು ಪಟ್ಟು ಬಾಗುತ್ತದೆ. ವೆಲ್ಡ್ ಮಾಡಿದ ಕಡೆ ಅದರ ಬಲ ಗಣನೀಯವಾಗಿ ಕುಗ್ಗುತ್ತದೆ. ಹಸಿ ಕಾಂಕ್ರೀಟಿನ ಕ್ಷಾರವೂ ಅದನ್ನು ತಿನ್ನುತ್ತದೆ. ಆದ್ದರಿಂದ ಕಾಂಕ್ರೀಟಿನಲ್ಲಿ ನಿಲ್ಲುವ ಕಾಲುಗಳು ಹಾಟ್ ಡಿಪ್ ಉಕ್ಕಿನವು, ಪ್ಯಾನೆಲ್ಲಿನ ಅಡಿಯಲ್ಲಿ ಮಳೆ ಕಾಣದೆ ಕೂರುವ ಅಡ್ಡಪಟ್ಟಿಗಳು ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಎಂದು ತೀರ್ಮಾನಿಸಿದೆ.

ಕಾಲುಗಳಿಗೆ ಪೈಪು ಬಿಟ್ಟು 65×65×6 ಆಂಗಲ್ ಆರಿಸಿದ್ದಕ್ಕೆ ಎರಡು ಕಾರಣಗಳಿವೆ. ಆಂಗಲ್ಲಿಗೆ ಕಾಣದ ಒಳಮುಖವಿಲ್ಲ. ಪೈಪಾದರೆ ಗಾಳಿ ಹೋಗಲು, ಸತು ಬಸಿಯಲು ತೂತು ಬಿಡಲೇಬೇಕು, ಮುಚ್ಚಿದ ಪೈಪನ್ನು ಸುಮಾರು 450 ಡಿಗ್ರಿಯ ಸತುವಿಗೆ ಇಳಿಸಿದರೆ ಸಿಡಿಯುತ್ತದೆ. ಇನ್ನೊಂದು, ಉಕ್ಕು ದಪ್ಪವಾದಷ್ಟೂ ತೊಟ್ಟಿಯಲ್ಲಿ ಲೇಪವೂ ದಪ್ಪವಾಗುತ್ತದೆ. ಐಎಸ್‌ಒ 1461ರಲ್ಲಿ 1.5ರಿಂದ 3 ಮಿ.ಮೀ. ಉಕ್ಕಿಗೆ ಕೇಳುವ ಸರಾಸರಿ 55 ಮೈಕ್ರಾನ್ ಮಾತ್ರ. 2 ಮಿ.ಮೀ. ಪೈಪಿಗೆ 80 ಮೈಕ್ರಾನ್ ಗ್ಯಾರಂಟಿ ಎಂದು ದರಪಟ್ಟಿ ಕೊಟ್ಟ ಇಬ್ಬರನ್ನು ನಾನು ಮುಂದೆ ಸಂಪರ್ಕಿಸಲಿಲ್ಲ.

ಬೆಂಗಳೂರಿನ ತೊಟ್ಟಿಯಿಂದ ಕಾಲುಗಳು ಬಂದ ದಿನ ಲೇಪದ ದಪ್ಪ ಅಳೆಯುವ ಗೇಜ್ ಹಿಡಿದು ಕುಳಿತೆ. ಲೇಪಿಸದ ಅದೇ ಆಂಗಲ್ಲಿನ ತುಂಡಿನ ಮೇಲೆ ಸೊನ್ನೆ ಹೊಂದಿಸಿ, ಅಂಚಿನಿಂದ ದೂರ ಸರಿದು, ಒಂದೊಂದು ಜಾಗದಲ್ಲಿ ಐದು ಸಲ ಒತ್ತಿ ಸರಾಸರಿ ತೆಗೆದೆ. ಎಂಟು ಕಾಲುಗಳಲ್ಲಿ ಏಳು 88ರಿಂದ 104 ಮೈಕ್ರಾನ್ ನಡುವೆ ಬಂದವು. ಎಂಟನೆಯದರಲ್ಲಿ ಒಂದು ಗೇಣುದ್ದ ಭಾಗ 41 ತೋರಿಸಿತು. ಅಲ್ಲಿ ಗಟ್ಟಿಯಾದ ಸತುವಿನ ಹನಿ ತೆಗೆಯಲು ಗ್ರೈಂಡರ್ ಆಡಿಸಿದ್ದು ಹೊಳಪಿನಿಂದಲೇ ಗೊತ್ತಾಗುತ್ತಿತ್ತು. ಅದನ್ನು ಹಿಂದಕ್ಕೆ ಕಳುಹಿಸಿದೆ, ಮತ್ತೆ ಮುಳುಗಿಸಿ ಕೊಡಲು ಮೂರು ವಾರ ಹಿಡಿಯಿತು. ಸರಾಸರಿ 90 ಎಂದುಕೊಂಡರೂ ಸಿ5ರಲ್ಲಿ ಅದು ಹನ್ನೊಂದರಿಂದ ಇಪ್ಪತ್ತೊಂದು ವರ್ಷ. ಪ್ಯಾನೆಲ್ ಇಪ್ಪತ್ತೈದು ವರ್ಷ ಇರಬೇಕಾದದ್ದು. ಆದ್ದರಿಂದ ಕಾಲುಗಳ ಕೆಳಗಿನ ಅರ್ಧಕ್ಕೆ, ಸತುವಿನ ಮೇಲೆ ಹಿಡಿಯುವ ಪ್ರೈಮರ್ ಹಚ್ಚಿ ಎಪಾಕ್ಸಿ ಬಳಿದೆ.

ಉಳಿದ ತಲೆನೋವು ಎರಡು ಲೋಹಗಳು ಸೇರುವ ಜಾಗ. ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಪಕ್ಕದಲ್ಲಿ ಸತು ಬೇಗ ಕರಗುತ್ತದೆ, ಸ್ಟೇನ್‌ಲೆಸ್ ಬೋಲ್ಟಿನ ಪಕ್ಕದಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಬೋಲ್ಟು ಚಿಕ್ಕದು, ಪಟ್ಟಿ ದೊಡ್ಡದು ಆಗಿರುವುದರಿಂದ ಎರಡನೆಯದು ಸಹಿಸಬಹುದಾದದ್ದು. ಆದರೂ 316 ದರ್ಜೆಯ ಬೋಲ್ಟು, ಅದಕ್ಕೆ ನೈಲಾನ್ ತೋಳು, ಆಂಗಲ್ ಮತ್ತು ಪಟ್ಟಿಯ ನಡುವೆ 3 ಮಿ.ಮೀ. ಇಪಿಡಿಎಂ ರಬ್ಬರ್ ಹಾಕಿದೆ. ಹೀಗೆ ಬೇರ್ಪಡಿಸಿದರೆ ಪಟ್ಟಿಗೂ ಕಾಲಿಗೂ ವಿದ್ಯುತ್ ಸಂಪರ್ಕವೇ ಇರುವುದಿಲ್ಲ, ಅರ್ಥಿಂಗ್ ಕಡಿದುಹೋಗುತ್ತದೆ ಎಂಬುದು ಎಲ್ಲ ಬಿಗಿದಾದ ಮೇಲೆ ಮಲ್ಟಿಮೀಟರ್ ಹಿಡಿದಾಗಲೇ ನನಗೆ ಕಂಡದ್ದು. ಪ್ರತಿ ಪಟ್ಟಿಗೂ ತವರ ಲೇಪಿಸಿದ ಲಗ್ ಹಾಕಿ ಪ್ರತ್ಯೇಕ ಅರ್ಥ್ ತಂತಿ ಎಳೆದೆ. ಬರಿ ತಾಮ್ರವನ್ನು ಅಲ್ಯೂಮಿನಿಯಂಗಾಗಲಿ ಸತುವಿಗಾಗಲಿ ತಾಗಿಸಬಾರದು. ತಾಮ್ರದ ಮೇಲಿಂದ ಇಳಿದ ನೀರೂ ಎರಡನ್ನೂ ಕೆಡಿಸುತ್ತದೆ.

ಈ ನಡುವೆ ಮುಂದಿನ ಕೆಲಸವೂ ಹೊಳೆದಿದೆ. ಸಿ2, ಸಿ5 ಎಂದು ನಾನು ಊಹಿಸಿಯೇ ಲೆಕ್ಕ ಹಾಕಿದ್ದೇನೆ. ಅಳೆಯುವ ದಾರಿ ಐಎಸ್‌ಒ 9226ರಲ್ಲಿದೆ. 100×150 ಮಿ.ಮೀ. ಸತುವಿನ ತಗಡುಗಳನ್ನು ತೂಗಿ, ಒಂದು ವರ್ಷ ಬಯಲಿಗಿಟ್ಟು, ತುಕ್ಕು ತೆಗೆದು ಮತ್ತೆ ತೂಗುವುದು. ಮೂರು ಮೈಸೂರಿನ ತಾರಸಿಗೆ, ಮೂರು ಮಲ್ಪೆಯ ಬಯಲಿಗೆ, ಇನ್ನು ಮೂರು ಮಲ್ಪೆಯ ಪ್ಯಾನೆಲ್ಲಿನ ಅಡಿಗೆ. ಆ ಕೊನೆಯ ಮೂರರ ಬಗ್ಗೆಯೇ ನನಗೆ ಹೆಚ್ಚು ಕುತೂಹಲ. ತಗಡು ತರಿಸಿದ್ದೇನೆ, ತೂತು ಕೊರೆದು ತೂಗುವುದು ಬಾಕಿ ಇದೆ. ಕಾಲುಗಳ ಮೇಲೆ ಗೇಜ್ ಇಟ್ಟ ಜಾಗಗಳಿಗೆಲ್ಲ ಪೇಂಟ್ ಪೆನ್ನಿನಿಂದ ಗುರುತು ಹಾಕಿ ಬಂದಿದ್ದೇನೆ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಹೋದಾಗ ಅದೇ ಗುರುತುಗಳ ಮೇಲೆ ಮತ್ತೆ ಅಳೆಯುತ್ತೇನೆ.