ಕರೆಯುವಾಗಲೂ ಇಲ್ಲವೆನ್ನುವಾಗಲೂ ಒಂದೇ ದನಿ

ಲೆಕ್ಕಿಗರ ಹುದ್ದೆಯೊಂದರ ಜಾಹೀರಾತನ್ನೂ ಆಯ್ಕೆಯಾಗದವರಿಗೆ ಕಳುಹಿಸುವ ಇಮೇಲನ್ನೂ ಇಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿದೆ. ಕನ್ನಡದ ಮೊದಲ ಕರಡಿನಲ್ಲಿ ‘ಅಭ್ಯರ್ಥಿಯು ಅರ್ಜಿ ಸಲ್ಲಿಸತಕ್ಕದ್ದು’ ಎಂದೂ, ಇಮೇಲಿನಲ್ಲಿ ‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದೂ ಇತ್ತು. ಇಂಗ್ಲಿಷಿನಲ್ಲಿ ‘ವಿ ರಿಗ್ರೆಟ್’ ಎಂದು ಸಂಸ್ಥೆಯೇ ಮಾತನಾಡುತ್ತಿರುವಾಗ, ಕನ್ನಡದ ‘ಲಾಗಿದೆ’ ಹೇಳುವವರನ್ನೇ ಮರೆಮಾಡುತ್ತದೆ. ಆದ್ದರಿಂದ ಜಾಹೀರಾತಿನಲ್ಲಿ ‘ಆಸಕ್ತರು ಅರ್ಜಿ ಸಲ್ಲಿಸಬೇಕೆಂದು ಕೋರುತ್ತೇವೆ’, ಇಮೇಲಿನಲ್ಲಿ ‘ಈ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಲು ನಮಗೆ ಸಾಧ್ಯವಾಗಲಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ’ ಎಂದು ಬರೆದು, ಇಂಗ್ಲಿಷ್ ಜಾಹೀರಾತಿನ ‘ಶಲ್ ಅಪ್ಲೈ’ಯನ್ನೂ ‘ವಿ ಇನ್ವೈಟ್’ ಎಂದು ತಿದ್ದಿದೆ. ‘ಅನ್‌ಫಾರ್ಚುನೇಟ್ಲಿ’ಗೆ ‘ದುರದೃಷ್ಟವಶಾತ್’ ಎಂದು ಹಾಕಲು ಕೈ ಹೋಗಿತ್ತು. ಹಾಗೆ ಬರೆದರೆ ಸಂಸ್ಥೆಯ ನಿರ್ಧಾರದ ಹೊಣೆ ಅರ್ಜಿದಾರರ ಅದೃಷ್ಟದ ಮೇಲೆ ಬೀಳುತ್ತದೆಂದು ತೋರಿ, ಕನ್ನಡದಲ್ಲಿ ಆ ಪದವನ್ನು ಹಾಕದೆ, ಇಂಗ್ಲಿಷ್ ಪ್ರತಿಯಿಂದಲೂ ಅದರ ಮೂಲಪದವನ್ನು ತೆಗೆದುಹಾಕಿದೆ.