14% ಎಂಬ ಮೋಸ

ಗೆಳೆಯರಿಗೆಂದು ಸಿಎಸ್‌ಗೋ ಎಂಬ ಗುಂಡಿನಾಟದ ಒಂದು ಸರ್ವರ್ ನಡೆಸುತ್ತಿದ್ದೆವು. ಮೊದಲು 10 ಜನ ಆಡುತ್ತಿದ್ದರು, ಏನೂ ತೊಂದರೆ ಇರಲಿಲ್ಲ. ಆಮೇಲೆ 36 ಜನಕ್ಕೆ ಜಾಗ ಮಾಡಿದೆವು. ಟಿಕ್‌ರೇಟ್, ಅಂದರೆ ಸರ್ವರ್ ಸೆಕೆಂಡಿಗೆ ಎಷ್ಟು ಸಲ ಆಟದ ಲೆಕ್ಕ ಹಾಕುತ್ತದೆ ಎಂಬುದು, ಮಾತ್ರ ಮೊದಲಿನ 128 ಇತ್ತು. ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ ಅಂದುಕೊಂಡಿದ್ದೆ.

ಆ ಶನಿವಾರ ರಾತ್ರಿ ಸರ್ವರ್ ತುಂಬಿತು. ಎಲ್ಲರೂ ಜರ್ಕ್ ಹೊಡೆಯತೊಡಗಿದರು. ಓಡುವವರು ಎರಡು ಹೆಜ್ಜೆ ಹಿಂದಕ್ಕೆ ಬಂದು ಬೀಳುತ್ತಿದ್ದರು. ಪಿಂಗ್ ಮಾತ್ರ ಚೆನ್ನಾಗಿಯೇ ಇತ್ತು. ನಾನು `top` ಕಮಾಂಡ್ ಹೊಡೆದು ಸರ್ವರ್‌ನ ಸಿಪಿಯು ಬಳಕೆ ನೋಡಿದೆ. ಬರೀ 14%. "ಸರ್ವರ್ ನಿದ್ದೆ ಮಾಡ್ತಿದೆ, ನಿಮ್ಮ ನೆಟ್ಟೇ ಸರಿ ಇಲ್ಲ" ಎಂದು ಜಂಬದಿಂದ ಬರೆದೆ.

ಒಬ್ಬ ಹಳೇ ಗೆಳೆಯ ಕೇಳಿದ: "`top` ಒಳಗೆ 1 ಒತ್ತಿ ನೋಡಿದೆಯಾ?"

ಒತ್ತಿದೆ, ಪ್ರತಿ ಕೋರ್‌ನ ಲೆಕ್ಕ ಬೇರೆಬೇರೆಯಾಗಿ ಕಂಡಿತು. ನಮ್ಮದು 8 ಕೋರ್‌ನ ಬಾಡಿಗೆ ಮಷೀನು. ಏಳು ಕೋರ್ ಸುಮ್ನೆ ಕೂತಿದ್ದವು, ಒಂದು 100% ಮುಟ್ಟಿತ್ತು. ಎಂಟರಲ್ಲಿ ಒಂದು ಅಂದರೆ 12.5%, ಅದರ ಮೇಲೆ ಚಿಲ್ಲರೆ ಕೆಲಸ. ಅದೇ ಆ 14%. ಈ ಆಟದ ಸರ್ವರ್ ತನ್ನ ಮುಖ್ಯ ಲೆಕ್ಕವನ್ನೆಲ್ಲ ಒಂದೇ ಥ್ರೆಡ್‌ನಲ್ಲಿ ಮಾಡುತ್ತದೆ. ಪಕ್ಕದ ಕೋರ್ ಖಾಲಿ ಇದ್ದರೂ ಅದಕ್ಕೆ ಉಪಯೋಗವಿಲ್ಲ.

128 ಟಿಕ್ ಅಂದರೆ ಪ್ರತಿ ಟಿಕ್ಕಿಗೆ ಸಿಗುವುದು 7.8 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲರ ನಡಿಗೆ, ಗುಂಡು, ಯಾರಿಗೆ ಏನು ಕಳಿಸಬೇಕು ಎಂಬುದೆಲ್ಲ ಮುಗಿಯಬೇಕು. ಆಟದೊಳಗೆ `net_graph 1` ಹಾಕಿದರೆ `sv` ಎಂಬ ಅಂಕಿ ಕಾಣುತ್ತದೆ, ಸರ್ವರ್ ಒಂದು ಫ್ರೇಮಿಗೆ, ಅಂದರೆ ಒಂದು ಟಿಕ್ಕಿಗೆ, ತೆಗೆದುಕೊಂಡ ಮಿಲಿಸೆಕೆಂಡು ಅದು. 10 ಜನ ಇದ್ದಾಗ 3 ಇದ್ದದ್ದು ಈಗ 11. ಸೆಕೆಂಡಿಗೆ 128 ಬೇಕಾದ ಕಡೆ ಸುಮಾರು 90 ಟಿಕ್ ಮಾತ್ರ ಮುಗಿಯುತ್ತಿತ್ತು. ಸರ್ವರ್ ಕನ್ಸೋಲ್‌ನಲ್ಲಿ `stats` ಹೊಡೆದಾಗ ಎಫ್‌ಪಿಎಸ್ ಕೂಡ ಅದನ್ನೇ ಹೇಳಿತು. ನೆಟ್ ಬೈದದ್ದಕ್ಕೆ ಕ್ಷಮೆ ಕೇಳಿದೆ.

ಅವತ್ತು ರಾತ್ರಿಯೇ `-tickrate 64` ಹಾಕಿ ಮತ್ತೆ ಶುರು ಮಾಡಿದೆ. ಈಗ ಟಿಕ್ಕಿಗೆ 15.6 ಮಿಲಿಸೆಕೆಂಡು, 11 ಆರಾಮಾಗಿ ಹಿಡಿಸುತ್ತದೆ. ಜರ್ಕ್ ಬಹುತೇಕ ಹೋಯಿತು. ಆದರೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿ ಗುಂಡು ಹಾರಿಸಿದರೆ `sv` 17ಕ್ಕೆ ಏರುತ್ತಿತ್ತು, ಆಗ ಮತ್ತೆ ಅದೇ ಕಥೆ. ಸರಾಸರಿ ನೋಡಿ ಸಮಾಧಾನಪಟ್ಟರೆ ಸಾಲದು, ಅತಿ ಕೆಟ್ಟ ಕ್ಷಣ ಹಿಡಿಸಬೇಕು.

ಮುಂದಿನ ವಾರ ಮಷೀನು ಬದಲಿಸಿದೆವು. ಈ ಸಲ ಕೋರ್ ನಾಲ್ಕೇ, ಆದರೆ ಒಂದೊಂದೂ ತುಂಬಾ ವೇಗದ್ದು, ಬೇರೆಯವರ ಜೊತೆ ಹಂಚಿಕೆಯೂ ಇಲ್ಲ. ಹಳೆಯದರಲ್ಲಿ `top`ನ `st` ಆಗಾಗ ಏರುತ್ತಿತ್ತು, ಅಂದರೆ ನಮ್ಮ ಸಮಯವನ್ನು ಪಕ್ಕದ ಬಾಡಿಗೆದಾರರು ತಿನ್ನುತ್ತಿದ್ದರು. ಸಿಪಿಯು ವೇಗ ಇಳಿಯದಂತೆ ಇದನ್ನೂ ಕೊಟ್ಟೆ:

```
cpupower frequency-set -g performance
```

36 ಜನ ತುಂಬಿದಾಗ `sv` 6, ಗಲಾಟೆಯಲ್ಲಿ 9. "ಹಾಗಾದ್ರೆ 128 ಹಾಕೋಣ" ಎಂದು ಎಲ್ಲರೂ ಹಿಡಿದುಕೊಂಡರು. 6 ಹಿಡಿಸುತ್ತದೆ ನಿಜ, 9 ಹಿಡಿಸುವುದಿಲ್ಲ. ದೊಡ್ಡ ಸರ್ವರ್ 64ರಲ್ಲೇ ಉಳಿಯಿತು. ಹಟ ಬಿಡದವರಿಗೆ ಅದೇ ಮಷೀನಿನ ಇನ್ನೊಂದು ಕೋರ್‌ನಲ್ಲಿ 10 ಜನದ ಸರ್ವರ್ ತೆರೆದು 128 ಕೊಟ್ಟೆ.